ಲ್ಯಾಬಿನಿಂದ ಫೋನ್ ಬಂದ ಸಂಜೆ: ಒಂದು ಬಾಟಲಿಯಲ್ಲಿ ಕಂಡ ಗೊಂಚಲು

ಪ್ರಶ್ನೆ: ಗದಗಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. 62 ವರ್ಷದ, ಸಕ್ಕರೆ ಕಾಯಿಲೆಯ ಮಹಿಳೆ ನಾಲ್ಕು ದಿನದ ಚಳಿಜ್ವರ, ಉರಿಮೂತ್ರ ಎಂದು ದಾಖಲಾದರು. ರಾತ್ರಿ ಎಂಟೂವರೆಗೆ ಎರಡು ಬಾಟಲಿ ಬ್ಲಡ್ ಕಲ್ಚರ್ ತೆಗೆದು ಸೆಫ್ಟ್ರಿಯಾಕ್ಸೋನ್ ಶುರು ಮಾಡಿದೆವು. ಮೂರನೆಯ ದಿನ ಸಂಜೆ, ಜ್ವರ ಇಳಿದಿದ್ದಾಗ, ಹುಬ್ಬಳ್ಳಿಯ ಲ್ಯಾಬಿನಿಂದ ಫೋನ್ ಬಂತು: ಒಂದು ಬಾಟಲಿಯಲ್ಲಿ ಗ್ರಾಮ್ ಪಾಸಿಟಿವ್ ಕಾಕೈ, ಗೊಂಚಲು ಗೊಂಚಲಾಗಿ, 31 ಗಂಟೆಗೆ ಪಾಸಿಟಿವ್. ನಮ್ಮ ಹಿರಿಯರು ‘ಚರ್ಮದ್ದು, ಬಿಡು’ ಎಂದರು. ಮನೆಯವರು ‘ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೂ ಔಷಧಿ ಕೊಡುವುದಿಲ್ಲವೇ’ ಎಂದು ಕೇಳಿದರು. ವ್ಯಾಂಕೋಮೈಸಿನ್ ಏಳು ದಿನ ಕೊಟ್ಟೆವು. ಕೊನೆಗೆ ಬಂದದ್ದು ಕೋಆಗ್ಯುಲೇಸ್ ನೆಗೆಟಿವ್ ಸ್ಟೆಫೈಲೋಕಾಕಸ್. ಕ್ರಿಯಾಟಿನಿನ್ 0.9 ಇದ್ದದ್ದು 1.8 ಆಗಿದೆ. ನಾವು ಮಾಡಿದ್ದು ತಪ್ಪೇ? ಇನ್ನೊಮ್ಮೆ ಇಂಥ ಫೋನ್ ಬಂದರೆ ಹೇಗೆ ನಿರ್ಧರಿಸಬೇಕು?

ಉತ್ತರ: ಆ ಏಳು ದಿನದ ವ್ಯಾಂಕೋಮೈಸಿನ್ ಬೇಕಿರಲಿಲ್ಲ. ಆದರೆ ಫೋನ್ ಬಂದ ಗಳಿಗೆಯಲ್ಲೇ ‘ಚರ್ಮದ್ದು, ಬಿಡು’ ಎಂದ ನಿಮ್ಮ ಹಿರಿಯರ ಮಾತೂ ಸರಿಯಲ್ಲ. ಅವರ ಊಹೆ ನಿಜವಾಯಿತು, ಅಷ್ಟೇ. ಆ ಹೊತ್ತಿನಲ್ಲಿ ಅದನ್ನು ಹೇಳಲು ಬೇಕಾದ ಆಧಾರ ಅವರ ಕೈಯಲ್ಲಿರಲಿಲ್ಲ. ಹುಬ್ಬಳ್ಳಿಯ ಲ್ಯಾಬಿನಲ್ಲಿ ಫೋನಿನ ಈ ತುದಿಯಲ್ಲಿ ಕುಳಿತು ಬಹಳ ವರ್ಷ ಕಳೆದವನು ನಾನು. ಆದ್ದರಿಂದ ನಮ್ಮ ಕಡೆಯಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದರಿಂದಲೇ ಆರಂಭಿಸುತ್ತೇನೆ.

ಬಾಟಲಿಯೊಳಗೆ ಬ್ಯಾಕ್ಟೀರಿಯಾ ಬೆಳೆದಂತೆ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಯಂತ್ರ ಅದನ್ನು ಗುರುತಿಸಿ ಕೂಗುತ್ತದೆ. ನಾವು ಬಾಟಲಿ ತೆಗೆದು, ಸಿರಿಂಜಿನಿಂದ ಒಂದು ಹನಿ ಎಳೆದು ಗಾಜಿನ ಸ್ಲೈಡಿನ ಮೇಲೆ ಹರಡಿ, ಒಣಗಿಸಿ ಬಣ್ಣ ಹಾಕುತ್ತೇವೆ. ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಅದೇ ವಿಧಾನ, ಹೆಚ್ಚು ಬದಲಾಗಿಲ್ಲ. ಎಣ್ಣೆ ಹಾಕಿ ನೋಡುವ ಮಸೂರದಡಿ ಕಡುನೇರಳೆ ಬಣ್ಣದ ದುಂಡು ಕಣಗಳು ದ್ರಾಕ್ಷಿಯ ಗೊಂಚಲಿನಂತೆ ಒತ್ತೊತ್ತಾಗಿ ಕಾಣುತ್ತವೆ. ಬಾಟಲಿ ಕೂಗಿದ ಒಂದು ಗಂಟೆಯೊಳಗೆ ನಿಮಗೆ ಫೋನ್ ಬರುವುದು ಈ ನೋಟದ ಬಲದ ಮೇಲೆ.

ಆ ನೋಟ ಬಣ್ಣ ಮತ್ತು ಆಕಾರವನ್ನು ಮಾತ್ರ ಹೇಳುತ್ತದೆ. ಗೊಂಚಲಾಗಿ ನಿಲ್ಲುವ ಸ್ಟೆಫೈಲೋಕಾಕಸ್ ಕುಟುಂಬದಲ್ಲಿ ಸ್ವಭಾವ ಪೂರ್ತಿ ಬೇರೆಯಾದ ಇಬ್ಬರಿದ್ದಾರೆ. ಒಬ್ಬ ಆರಿಯಸ್. ಅವನು ರಕ್ತದಲ್ಲಿದ್ದರೆ ಚಿಕಿತ್ಸೆ ಕೊಟ್ಟರೂ ಐವರಲ್ಲಿ ಒಬ್ಬರಾದರೂ ಸಾಯುತ್ತಾರೆ. ಹೃದಯದ ಕವಾಟ, ಬೆನ್ನುಮೂಳೆ, ಕೀಲು ಎಲ್ಲಿಗೆ ಬೇಕಾದರೂ ಹೋಗಿ ಕೂರುತ್ತಾನೆ. ಇನ್ನೊಬ್ಬ ಕೋಆಗ್ಯುಲೇಸ್ ನೆಗೆಟಿವ್ ಗುಂಪಿನವನು, ನಮ್ಮ ನಿಮ್ಮೆಲ್ಲರ ಚರ್ಮದ ಮೇಲೆ ದಿನವೂ ಬದುಕುವವನು. ಸ್ಲೈಡಿನ ಮೇಲೆ ಇಬ್ಬರೂ ಒಂದೇ ಥರ. ‘ದೊಡ್ಡ ಗೊಂಚಲಾದರೆ ಆರಿಯಸ್’ ಎಂದು ಹೇಳುವ ಅನುಭವಿ ತಂತ್ರಜ್ಞರನ್ನು ಬಲ್ಲೆ. ಅವರು ಹೇಳಿದ್ದು ಹಲವು ಸಲ ನಿಜವೂ ಆಗಿದೆ, ಆದರೆ ಅದರ ಮೇಲೆ ಒಬ್ಬ ರೋಗಿಯ ಚಿಕಿತ್ಸೆಯನ್ನು ನಿಲ್ಲಿಸಲಾಗದು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಬಹಳ ವರ್ಷಗಳ ಹಿಂದೆ ಹಾವೇರಿ ಕಡೆಯಿಂದ ಒಂದೇ ಒಂದು ಬಾಟಲಿ ಬಂದಿತ್ತು. ನಲವತ್ತರ ಆಸುಪಾಸಿನ ಟ್ರ್ಯಾಕ್ಟರ್ ಚಾಲಕ, ಜ್ವರ ಮತ್ತು ಬೆನ್ನುನೋವು. ಸ್ಲೈಡಿನಲ್ಲಿ ಗೊಂಚಲು ಕಂಡಿತು. ವಾರ್ಡಿನವರಿಗೆ ಫೋನ್ ಮಾಡಿ ನೋಡಿದ್ದನ್ನು ಹೇಳಿದೆ, ಜೊತೆಗೆ ಯಾರೂ ಕೇಳದ ಒಂದು ಮಾತನ್ನೂ ಸೇರಿಸಿದೆ: ‘ಒಂದೇ ಬಾಟಲಿ ಅಲ್ಲವೇ, ಚರ್ಮದ್ದಿರಬಹುದು.’ ಜ್ವರ ಕಡಿಮೆಯಿದ್ದ ಕಾರಣ ಅವರು ಅದೇ ಸಂಜೆ ಅವನನ್ನು ಮನೆಗೆ ಕಳಿಸಿದರು. ನಾಲ್ಕು ಗಂಟೆಯ ಮೇಲೆ ಕೋಆಗ್ಯುಲೇಸ್ ಕೊಳವೆಯನ್ನು ಓರೆ ಮಾಡಿ ನೋಡಿದರೆ ದ್ರವ ಹರಿಯಲಿಲ್ಲ, ಹೆಪ್ಪುಗಟ್ಟಿತ್ತು. ಫಾರಂ ಮೇಲಿದ್ದದ್ದು ವಾರ್ಡಿನ ಸ್ಥಿರ ದೂರವಾಣಿ. ರಾತ್ರಿಯಿಡೀ ಬಡಿದುಕೊಂಡರೂ ಯಾರೂ ಎತ್ತಲಿಲ್ಲ. ಮರುದಿನ ಮಧ್ಯಾಹ್ನ ಅವನನ್ನು ಹುಡುಕಿ ಕರೆತಂದರು. ಎರಡು ವಾರದ ಹಿಂದೆ ಕತ್ತಿನ ಮೇಲೆ ಕುರು ಎದ್ದಿತ್ತಂತೆ, ಚಿವುಟಿಕೊಂಡಿದ್ದನಂತೆ. ಬೆನ್ನುಮೂಳೆಯಲ್ಲಿ ಆಗಲೇ ಕೀವು ಕಟ್ಟಿತ್ತು. ಬದುಕಿದ, ಆದರೆ ಆರು ವಾರ ಇಂಜೆಕ್ಷನ್ ಬೇಕಾಯಿತು. ಅಂದಿನಿಂದ ಸ್ಟೇನ್ ನೋಡಿ ಫೋನ್ ಮಾಡುವಾಗ ‘ಚರ್ಮದ್ದಿರಬಹುದು’ ಎಂಬ ಮಾತು ನನ್ನ ಬಾಯಿಂದ ಬಂದಿಲ್ಲ.

ಈ ಕೊಳವೆ ಪರೀಕ್ಷೆಯ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ನಿಮ್ಮ ನಿರ್ಧಾರಕ್ಕೆ ಅತಿ ಬೇಗ ಸಿಗುವ ಆಸರೆ ಇದೇ. ಪಾಸಿಟಿವ್ ಬಾಟಲಿಯ ದ್ರವವನ್ನು ಪ್ಲಾಸ್ಮಾದಲ್ಲಿ ಬೆರೆಸಿ 37 ಡಿಗ್ರಿಯಲ್ಲಿ ಇಡುತ್ತೇವೆ. ಆರಿಯಸ್ ತಯಾರಿಸುವ ಕೋಆಗ್ಯುಲೇಸ್ ಪ್ಲಾಸ್ಮಾವನ್ನು ಹೆಪ್ಪಾಗಿಸುತ್ತದೆ. ನಾಲ್ಕು ಗಂಟೆಗೆ ಹೆಪ್ಪು ಕಂಡರೆ ನಂಬಿ. ಕಾಣದಿದ್ದರೆ ಅರ್ಧ ಮಾತ್ರ ನಂಬಿ, ಏಕೆಂದರೆ ಬಾಟಲಿಯಿಂದ ನೇರವಾಗಿ ಮಾಡಿದಾಗ ಕೆಲವು ಆರಿಯಸ್ ತಡವಾಗಿ ಹೆಪ್ಪುಗಟ್ಟಿಸುತ್ತವೆ. ಮರುದಿನ ಬೆಳಿಗ್ಗೆ ತಟ್ಟೆಯ ಮೇಲೆ ಬೆಳೆದ ಕಾಲೊನಿಯನ್ನು ನೋಡಿದ ಮೇಲೆ ಸಂಶಯ ಉಳಿಯುವುದಿಲ್ಲ. ಮುಂದಿನ ಸಲ ಫೋನ್ ಬಂದಾಗ ‘ಕೋಆಗ್ಯುಲೇಸ್ ಇಟ್ಟಿದ್ದೀರಾ, ಎಷ್ಟು ಹೊತ್ತಿಗೆ ಓದುತ್ತೀರಿ’ ಎಂದು ನೀವೇ ಕೇಳಿ. ನೀವು ಕೇಳಿದರೆ ಇಡದಿದ್ದವರೂ ಇಡುತ್ತಾರೆ.

ಈಗ ನಿಮ್ಮ ಎರಡು ಬಾಟಲಿಗಳ ವಿಷಯ. ಎರಡನ್ನೂ ಎಲ್ಲಿಂದ ತೆಗೆದಿರಿ ಎಂದು ನೀವು ಬರೆದಿಲ್ಲ. ಕಳಿಸಿಕೊಟ್ಟ ಫಾರಂ ಮೇಲೆ ಎರಡಕ್ಕೂ ಒಂದೇ ಸಮಯ, ಒಂದೇ ‘ಬಲಗೈ’ ಇದೆ. ಅಂದರೆ ಒಂದೇ ಚುಚ್ಚು, ಎರಡು ಬಾಟಲಿ. ನಮ್ಮ ಭಾಗದ ಬಹುತೇಕ ಆಸ್ಪತ್ರೆಗಳು ಇದನ್ನು ‘ಎರಡು ಕಲ್ಚರ್’ ಎಂದು ಲೆಕ್ಕ ಹಿಡಿಯುತ್ತವೆ. ನನ್ನ ಲೆಕ್ಕದಲ್ಲಿ ಅದು ಒಂದೇ. ಸೂಜಿ ಚರ್ಮ ದಾಟುವಾಗ ಒಂದಿಷ್ಟು ಬ್ಯಾಕ್ಟೀರಿಯಾ ಹೊತ್ತು ತಂದರೆ ಅದು ಮೊದಲ ಬಾಟಲಿಗೂ ಬೀಳಬಹುದು, ಎರಡಕ್ಕೂ ಬೀಳಬಹುದು. ಆದ್ದರಿಂದ ಎರಡೂ ಪಾಸಿಟಿವ್ ಆದರೂ ಅದು ಎರಡು ಸಾಕ್ಷಿಯಲ್ಲ, ಒಬ್ಬನೇ ಸಾಕ್ಷಿ ಎರಡು ಸಲ ಹೇಳಿದ ಹಾಗೆ.

ಬೇರೆ ಬೇರೆ ಕೈಯಿಂದ, ಬೇರೆ ಬೇರೆ ಚುಚ್ಚಿನಿಂದ ತೆಗೆದರೆ ಕಥೆಯೇ ಬದಲಾಗುತ್ತದೆ. ಚೆನ್ನಾಗಿ ನಡೆಯುವ ಆಸ್ಪತ್ರೆಯಲ್ಲೂ ನೂರು ಚುಚ್ಚಿನಲ್ಲಿ ಮೂರು ಬೆರಕೆಯಾಗುವುದನ್ನು ಮಿತಿ ಎಂದು ಒಪ್ಪಿಕೊಂಡಿದ್ದೇವೆ. ಎರಡು ಸ್ವತಂತ್ರ ಚುಚ್ಚುಗಳು ಒಟ್ಟಿಗೇ ಬೆರಕೆಯಾಗುವ ಸಂಭವ ಹಾಗಿದ್ದರೆ ಹತ್ತು ಸಾವಿರಕ್ಕೆ ಒಂಬತ್ತು. ಅದರಲ್ಲೂ ಒಂದೇ ಜಾತಿ, ಒಂದೇ ಥರದ ಔಷಧ ಪ್ರತಿರೋಧ ಇರುವುದು ಇನ್ನೂ ಅಪರೂಪ. ಎರಡೂ ಕೈಯಿಂದ ಒಂದೇ ಸ್ಟೆಫೈಲೋಕಾಕಸ್ ಬಂದರೆ ಅದು ಚರ್ಮದ ಜೀವಿಯಾದರೂ ರಕ್ತದಲ್ಲೇ ಇತ್ತು ಎಂದು ಒಪ್ಪಲೇಬೇಕು. ಇದಲ್ಲದೆ ರಕ್ತದ ಪ್ರಮಾಣದ ಲಾಭವೂ ಇದೆ. ವಯಸ್ಕರ ರಕ್ತದಲ್ಲಿ ಸೋಂಕು ಇದ್ದಾಗಲೂ ಒಂದು ಮಿಲಿಲೀಟರಿಗೆ ಬೆರಳೆಣಿಕೆಯಷ್ಟೇ ಬ್ಯಾಕ್ಟೀರಿಯಾ ಇರುತ್ತವೆ, ಒಮ್ಮೊಮ್ಮೆ ಒಂದೂ ಇರುವುದಿಲ್ಲ. ಬಾಟಲಿಗೆ 8ರಿಂದ 10 ಮಿಲಿಲೀಟರ್ ಬೇಕು. ನಮಗೆ ಬರುವ ಬಾಟಲಿಗಳಲ್ಲಿ ಎಷ್ಟೋ ಸಲ ಮೂರು ಮಿಲಿಲೀಟರ್ ಕೂಡ ಇರುವುದಿಲ್ಲ.

ಮೂವತ್ತೊಂದು ಗಂಟೆ ಎಂಬ ಅಂಕಿಯನ್ನು ನೀವು ವಿಶೇಷವಾಗಿ ಬರೆದಿದ್ದೀರಿ. ಸಾಮಾನ್ಯವಾಗಿ ನಿಜವಾದ ಸೋಂಕು 24 ಗಂಟೆಯೊಳಗೆ, ಬೆರಕೆ ಅದರ ನಂತರ ಕೂಗುತ್ತದೆ. ಬೆರಕೆಯಾದಾಗ ಬಾಟಲಿಗೆ ಬಿದ್ದ ಬ್ಯಾಕ್ಟೀರಿಯಾ ಕಡಿಮೆ, ಕೋಟಿಗಟ್ಟಲೆ ಆಗಲು ಹೊತ್ತು ಬೇಕು. ಆದರೆ ಯಂತ್ರ ಗಂಟೆ ಎಣಿಸುವುದು ಬಾಟಲಿಯನ್ನು ತನ್ನೊಳಗೆ ಇಟ್ಟ ಕ್ಷಣದಿಂದ, ನೀವು ಚುಚ್ಚಿದ ಕ್ಷಣದಿಂದ ಅಲ್ಲ. ನಿಮ್ಮ ವರದಿಯಲ್ಲಿ ಬಾಟಲಿ ಯಂತ್ರ ಸೇರಿದ್ದು ಮರುದಿನ ಬೆಳಿಗ್ಗೆ 10.30ಕ್ಕೆ. ರಾತ್ರಿ 8.30ಕ್ಕೆ ತೆಗೆದ ರಕ್ತ ಹದಿನಾಲ್ಕು ಗಂಟೆ ಗದಗಿನ ನರ್ಸಿಂಗ್ ಟೇಬಲ್ ಮೇಲೆ, ಆಮೇಲೆ ಬಸ್ಸಿನ ಪಾರ್ಸಲ್ಲಿನಲ್ಲಿ ಇತ್ತು. ಆಸ್ಪತ್ರೆಯ ಬೆಚ್ಚನೆಯ ಕೋಣೆಯಲ್ಲಿ ಬ್ಯಾಕ್ಟೀರಿಯಾ ಸುಮ್ಮನೆ ಕೂರುವುದಿಲ್ಲ. ಹಾಗಾಗಿ ನಿಜವಾದ ಲೆಕ್ಕ 45 ಗಂಟೆ. ಅಷ್ಟು ಮುಂಗಡ ಸಿಕ್ಕಿದ ಮೇಲೂ ಯಂತ್ರದೊಳಗೆ ಮತ್ತೆ 31 ಗಂಟೆ ಬೇಕಾಯಿತು ಎಂದರೆ ಆರಂಭದಲ್ಲಿ ಬಹಳ ಕಡಿಮೆ ಇತ್ತು. ಸೆಫ್ಟ್ರಿಯಾಕ್ಸೋನ್ ಕೊಡುವ ಮೊದಲೇ ರಕ್ತ ತೆಗೆದಿದ್ದೀರಿ, ಆದ್ದರಿಂದ ಔಷಧ ಬೆಳವಣಿಗೆಯನ್ನು ತಡೆಯಿತು ಎನ್ನಲೂ ಬಾರದು. ನಿಮ್ಮ ರೋಗಿಯ ವಿಷಯದಲ್ಲಿ ತಡ ಬೆರಕೆಯ ಕಡೆಗೇ ಬೆರಳು ತೋರಿಸುತ್ತದೆ.

ಆದರೆ ಇದೇ ವಿಳಂಬ ಇನ್ನೊಂದು ದಾರಿಯಲ್ಲೂ ಮೋಸ ಮಾಡುತ್ತದೆ. ಹದಿನಾಲ್ಕು ಗಂಟೆ ಹೊರಗಿದ್ದ ಬೆರಕೆ ಬಾಟಲಿ ಯಂತ್ರದಲ್ಲಿ ಹದಿನೆಂಟು ಗಂಟೆಗೆ ಕೂಗಿದರೆ ವರದಿ ನೋಡಿದವರು ‘ಬೇಗ ಬಂದಿದೆ, ನಿಜವಾದ ಸೋಂಕು’ ಎನ್ನುತ್ತಾರೆ. ಇನ್ನು ಇ ಕೋಲೈನಂಥ ಚುರುಕಿನವು ದಾರಿಯಲ್ಲೇ ಬೆಳೆದು ಮುಗಿಸಿದ್ದರೆ ಯಂತ್ರಕ್ಕೆ ಅನಿಲದ ಏರಿಕೆಯೇ ಕಾಣದೆ ಬಾಟಲಿ ನೆಗೆಟಿವ್ ಎಂದು ಉಳಿಯಬಹುದು. ಆದ್ದರಿಂದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಬೆಳಗಿನ ಬಸ್ಸಿಗೂ ಕಾಯಿಸಬೇಡಿ. ಗದಗಿನಿಂದ ಇಲ್ಲಿಗೆ ಅರವತ್ತು ಕಿಲೋಮೀಟರ್ ಕೂಡ ಇಲ್ಲ, ರಾತ್ರಿ ಬಸ್ಸಿಗೆ ಹಾಕಿದರೆ ನಮ್ಮ ರಾತ್ರಿ ಪಾಳಿಯವರು ಇಳಿಸಿಕೊಳ್ಳುತ್ತಾರೆ.

ತಡವಾಗಿ ಬಂದದ್ದೆಲ್ಲ ಬೆರಕೆ ಎಂಬ ಸೂತ್ರ ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಕಾರಣಕ್ಕೂ ಅಪಾಯ. ಕುರಿ ಕಾಯುವವರು, ಆಡು ಸಾಕುವವರು, ಹಸಿ ಹಾಲು ಕುಡಿಯುವವರು ವಾರಗಟ್ಟಲೆಯ ಜ್ವರ, ಸೊಂಟನೋವು ಎಂದು ಬಂದರೆ ಬ್ರುಸೆಲ್ಲಾ ಮೂರನೆಯ, ನಾಲ್ಕನೆಯ ದಿನಕ್ಕೆ ಕೂಗಬಹುದು. ಸ್ಲೈಡಿನಲ್ಲಿ ಅದು ಸಣ್ಣ ಮರಳು ಉದುರಿಸಿದಂತೆ ಮಸುಕಾಗಿ ಕಾಣುತ್ತದೆ. ಬಣ್ಣ ಸರಿಯಾಗಿ ತೊಳೆದುಹೋಗದಿದ್ದರೆ ಗ್ರಾಮ್ ಪಾಸಿಟಿವ್ ಕಾಕೈ ಎಂದೇ ತಪ್ಪಾಗಿ ಓದಿಬಿಡಬಹುದು. ಫಾರಂ ಮೇಲೆ ‘ಕುರಿಗಾಹಿ’ ಎಂಬ ಒಂದು ಪದ ಇದ್ದರೆ ನಾವು ಬಾಟಲಿಯನ್ನು ಸುರಕ್ಷಾ ಪೆಟ್ಟಿಗೆಯೊಳಗೆ ಮಾತ್ರ ತೆರೆಯುತ್ತೇವೆ. ಇಲ್ಲದಿದ್ದರೆ ತಂತ್ರಜ್ಞರೇ ಆ ಜ್ವರ ಹಚ್ಚಿಕೊಳ್ಳುತ್ತಾರೆ.

ಇನ್ನು ನಿಮ್ಮ ರೋಗಿಯ ಬಗ್ಗೆಯೇ ಕೇಳಬೇಕಾದ ಪ್ರಶ್ನೆ: ಆಕೆಯ ಮೈಯೊಳಗೆ ಹೊರಗಿನ ವಸ್ತು ಏನಾದರೂ ಇತ್ತೇ? ಕೋಆಗ್ಯುಲೇಸ್ ನೆಗೆಟಿವ್ ಜಾತಿಗಳು ಪ್ಲಾಸ್ಟಿಕ್ಕಿಗೆ, ಲೋಹಕ್ಕೆ ಅಂಟಿ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಕತ್ತಿನ ಡಯಾಲಿಸಿಸ್ ಕ್ಯಾಥೆಟರ್, ಕೃತಕ ಕವಾಟ, ಪೇಸ್‌ಮೇಕರ್ ಇದ್ದವರಲ್ಲಿ ಮತ್ತು ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ಇವು ನಿಜವಾದ ರೋಗಕಾರಿಗಳೇ. ಕ್ಯಾಥೆಟರ್ ಇದ್ದಾಗ ಅದರಿಂದ ಒಂದು, ಕೈಯಿಂದ ಒಂದು ಒಂದೇ ಹೊತ್ತಿಗೆ ತೆಗೆದು ಕಳಿಸಿ. ಕ್ಯಾಥೆಟರಿನದು ಎರಡು ಗಂಟೆ ಅಥವಾ ಹೆಚ್ಚು ಮುಂಚೆ ಕೂಗಿದರೆ ಮೂಲ ಅಲ್ಲೇ ಇದೆ. ನಿಮ್ಮ ರೋಗಿಗೆ ಇಂಥದ್ದೇನೂ ಇರಲಿಲ್ಲ. ಬದಲಿಗೆ ಜ್ವರಕ್ಕೆ ಬೇರೆ ಕಾರಣ ಇತ್ತು: ಮೂತ್ರದ ಕಲ್ಚರಿನಲ್ಲಿ ಸೆಫ್ಟ್ರಿಯಾಕ್ಸೋನಿಗೆ ಮಣಿಯುವ ಇ ಕೋಲೈ ಬಂದಿದೆ, ಅದೇ ಔಷಧಕ್ಕೆ ಜ್ವರ ಇಳಿದಿದೆ. ಚರ್ಮದ ಈ ಸ್ಟೆಫೈಲೋಕಾಕಸ್‌ಗಳಲ್ಲಿ ಹೆಚ್ಚಿನವು ಸೆಫ್ಟ್ರಿಯಾಕ್ಸೋನಿಗೆ ಜಗ್ಗುವುದಿಲ್ಲ. ಅವೇ ಜ್ವರಕ್ಕೆ ಕಾರಣವಾಗಿದ್ದರೆ ಮೂರನೆಯ ದಿನಕ್ಕೆ ಆಕೆ ಸುಧಾರಿಸುತ್ತಿರಲಿಲ್ಲ. (ಈ ಗುಂಪಿನಲ್ಲೇ ಲುಗ್ಡುನೆನ್ಸಿಸ್ ಎಂಬ ಒಂದು ಜಾತಿ ಆರಿಯಸ್‌ನಂತೆಯೇ ವರ್ತಿಸುತ್ತದೆ. ಆ ಹೆಸರು ಬಂದರೆ ಮಾತ್ರ ಬೆರಕೆ ಎಂದು ಬಿಡಬೇಡಿ.)

ಹಾಗಾದರೆ ಆ ಸಂಜೆ ಏನು ಮಾಡಬೇಕಿತ್ತು? ಫೋನ್ ಇಟ್ಟ ಕೂಡಲೇ ರೋಗಿಯ ಹಾಸಿಗೆಯ ಬಳಿಗೆ ಹೋಗುವುದು. ರಕ್ತದೊತ್ತಡ, ಉಸಿರಿನ ವೇಗ, ಪ್ರಜ್ಞೆ ನೋಡುವುದು. ಚರ್ಮದಲ್ಲಿ ಕುರು, ಕಾಲಿನ ಹುಣ್ಣು, ಹಳೆಯ ಐವಿ ಜಾಗದ ಕೆಂಪು, ಬೆನ್ನುಮೂಳೆಯ ನೋವು, ಹೃದಯದ ಮರ್ಮರ ಹುಡುಕುವುದು. ಸಕ್ಕರೆ ಕಾಯಿಲೆಯವರ ಪಾದವನ್ನು ಬೆರಳುಗಳ ಸಂದಿಯವರೆಗೂ ನೋಡುವುದು. ಆಮೇಲೆ, ಯಾವ ಹೊಸ ಔಷಧಕ್ಕೂ ಮುಂಚೆ, ಎರಡು ಕೈಯಿಂದ ಎರಡು ಹೊಸ ಕಲ್ಚರ್ ತೆಗೆಯುವುದು. ಹತ್ತು ನಿಮಿಷದ ಕೆಲಸ, ನೀವು ಬಿಟ್ಟದ್ದು ಇದನ್ನೇ. ವ್ಯಾಂಕೋಮೈಸಿನ್ ಒಳಗೆ ಹೋದ ಮೇಲೆ ಮೊದಲ ಬಾಟಲಿಯ ಪ್ರಶ್ನೆಗೆ ಉತ್ತರ ಸಿಗುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ರೋಗಿ ಕುಸಿಯುತ್ತಿದ್ದರೆ, ಕ್ಯಾಥೆಟರ್ ಅಥವಾ ಕವಾಟ ಇದ್ದರೆ, ಕುರುವೋ ಮೂಳೆಯ ನೋವೋ ಸಿಕ್ಕಿದರೆ ಹೊಸ ಕಲ್ಚರ್ ತೆಗೆದ ಬೆನ್ನಿಗೇ ವ್ಯಾಂಕೋಮೈಸಿನ್ ಶುರು ಮಾಡಿ, ಒಂದು ಗ್ರಾಮಿಗೆ ಕನಿಷ್ಠ ಒಂದು ಗಂಟೆಯಂತೆ ನಿಧಾನವಾಗಿ. ಆಮೇಲೆ ಅದು ಮೆಥಿಸಿಲಿನ್‌ಗೆ ಮಣಿಯುವ ಆರಿಯಸ್ ಎಂದು ತಿಳಿದರೆ ಸೆಫಜೋಲಿನ್ ಅಥವಾ ಕ್ಲಾಕ್ಸಾಸಿಲಿನ್‌ಗೆ ಬದಲಿಸಿ. ಅಂಥ ಜೀವಿಯ ಮೇಲೆ ವ್ಯಾಂಕೋಮೈಸಿನ್ ಅವುಗಳಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಆರಿಯಸ್ ಯಾವುದೇ ಆಗಿರಲಿ, ಒಂದೇ ಬಾಟಲಿಯಲ್ಲಿ ಬಂದಿದ್ದರೂ ಅದು ನಿಜ ಎಂದೇ ಹಿಡಿದು ಎಕೋ ಮಾಡಿಸಿ, ಕಲ್ಚರ್ ನೆಗೆಟಿವ್ ಆಗುವವರೆಗೆ ಒಂದೆರಡು ದಿನಕ್ಕೊಮ್ಮೆ ಮತ್ತೆ ಕಳಿಸಿ, ಮೊದಲ ನೆಗೆಟಿವ್ ದಿನದಿಂದ ಎಣಿಸಿ ಕನಿಷ್ಠ ಹದಿನಾಲ್ಕು ದಿನ ಇಂಜೆಕ್ಷನ್ ಕೊಡಬೇಕು. ನಿಮ್ಮ ರೋಗಿಯಂತೆ ಜ್ವರ ಇಳಿದು, ಮೈಯಲ್ಲಿ ಯಾವ ಸಾಧನವೂ ಇಲ್ಲದೆ, ಬೇರೆ ಕಾರಣ ಸ್ಪಷ್ಟವಾಗಿದ್ದವರಲ್ಲಿ ಹೊಸ ಕಲ್ಚರ್ ಕಳಿಸಿ ನಾಲ್ಕು ಗಂಟೆಯ ಕೋಆಗ್ಯುಲೇಸ್‌ಗೆ ಕಾಯಬಹುದಿತ್ತು. ಧೈರ್ಯ ಸಾಲದೆ ಒಂದು ಡೋಸ್ ಕೊಟ್ಟಿದ್ದರೂ ನಾನು ಆಕ್ಷೇಪಿಸುವುದಿಲ್ಲ. ಮರುದಿನ ಕೋಆಗ್ಯುಲೇಸ್ ನೆಗೆಟಿವ್ ಎಂದು ಬಂದಾಗ ನಿಲ್ಲಿಸದೆ ಇದ್ದದ್ದೇ ತಪ್ಪು.

ನಿಲ್ಲಿಸದಿರಲು ಒಂದು ಕಾರಣ ನಮ್ಮ ಕಡೆಯದೂ ಇದೆ. ನಿಮಗೆ ಬಂದ ವರದಿಯಲ್ಲಿ ಆ ಜೀವಿಯ ಹೆಸರಿನ ಕೆಳಗೆ ಹದಿನಾಲ್ಕು ಔಷಧಗಳ ಪಟ್ಟಿ, ಎದುರಿಗೆ ಎಸ್ ಮತ್ತು ಆರ್ ಅಕ್ಷರಗಳು ಅಚ್ಚಾಗಿವೆ. ಅಂಥ ಪಟ್ಟಿ ಕಂಡರೆ ಯಾವ ವೈದ್ಯರಿಗಾದರೂ ‘ಇದಕ್ಕೆ ಚಿಕಿತ್ಸೆ ಕೊಡಬೇಕು’ ಅನ್ನಿಸುತ್ತದೆ. ಒಂದೇ ಚುಚ್ಚಿನಲ್ಲಿ ಬಂದ ಕೋಆಗ್ಯುಲೇಸ್ ನೆಗೆಟಿವ್‌ಗೆ ನಾವು ಆ ಪಟ್ಟಿ ಹಾಕಬಾರದಿತ್ತು. ‘ಬೆರಕೆ ಇರಬಹುದು, ಎರಡನೆಯ ಮಾದರಿ ಕಳಿಸಿ, ಬೇಕಾದರೆ ಫೋನ್ ಮಾಡಿ’ ಎಂದಷ್ಟೇ ಬರೆಯಬೇಕಿತ್ತು. ಪಟ್ಟಿಗಾಗಿ ಜಗಳವಾಡಿದವರೂ ಇದ್ದಾರೆ.

ಫೋನಿನಲ್ಲಿ ಬಂದದ್ದು ಗ್ರಾಮ್ ನೆಗೆಟಿವ್ ಬ್ಯಾಸಿಲೈ ಎಂದಾಗಿದ್ದರೆ ಇಷ್ಟೆಲ್ಲ ಯೋಚನೆ ಬೇಕಿರಲಿಲ್ಲ. ಗುಲಾಬಿ ಬಣ್ಣದ ಕಡ್ಡಿಗಳು, ಮೊಗ್ಗು ಬಿಟ್ಟ ಯೀಸ್ಟ್, ಸರಪಳಿಯ ಕಾಕೈ, ಇವು ಒಂದೇ ಬಾಟಲಿಯಲ್ಲಿ ಕಂಡರೂ ಬಿಡಬಾರದವು. ಕಡ್ಡಿ ಕಂಡಾಗ ಕೇಳಬೇಕಾದದ್ದು ‘ಈಗ ಕೊಡುತ್ತಿರುವ ಔಷಧ ಇದಕ್ಕೆ ಸಾಕೇ’ ಎಂದು. ಸೆಫ್ಟ್ರಿಯಾಕ್ಸೋನಿಗೆ ಬಗ್ಗದ ಇ ಕೋಲೈ, ಕ್ಲೆಬ್ಸಿಯೆಲ್ಲಾ ನಮ್ಮಲ್ಲಿ ಧಾರಾಳ. ರೋಗಿ ಹದಗೆಟ್ಟಿದ್ದರೆ ಸೆನ್ಸಿಟಿವಿಟಿಗೆ ಕಾಯದೆ ಮೆರೊಪೆನೆಮ್‌ಗೆ ಏರಬೇಕು.

ಕ್ರಿಯಾಟಿನಿನ್ ವಿಷಯಕ್ಕೆ ಬರೋಣ. ವ್ಯಾಂಕೋಮೈಸಿನ್ ನಿಂತಿದೆ ತಾನೇ? ಅದರ ಜೊತೆಗೆ ನೋವಿಗೆಂದು ಡೈಕ್ಲೋಫೆನಾಕ್ ಇಂಜೆಕ್ಷನ್ ಹೋಗುತ್ತಿದೆಯೇ ಎಂದು ಚಾರ್ಟ್ ತಿರುವಿ ನೋಡಿ. ಹೋಗುತ್ತಿದ್ದರೆ ಅದನ್ನೂ ನಿಲ್ಲಿಸಿ. ಮೆಟ್‌ಫಾರ್ಮಿನ್ ಸದ್ಯಕ್ಕೆ ತಡೆಯಿರಿ. ಮೂತ್ರ ಎಷ್ಟು ಹೋಗುತ್ತಿದೆ ಎಂದು ಅಳೆಯಿರಿ, ಕಿಡ್ನಿಯಲ್ಲಿ ಅಡಚಣೆ ಇಲ್ಲವೆಂದು ಒಮ್ಮೆ ಸ್ಕ್ಯಾನ್ ಮಾಡಿಸಿ. ಮೂತ್ರದ ಸೋಂಕೂ ಹೀಗೆ ಮಾಡಬಲ್ಲದು. ಎರಡು ದಿನಕ್ಕೊಮ್ಮೆ ಕ್ರಿಯಾಟಿನಿನ್ ನೋಡಿ. ವ್ಯಾಂಕೋಮೈಸಿನ್ನಿನಿಂದ ಏರಿದ್ದು ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಇಳಿಯುತ್ತದೆ. ಏರುತ್ತಲೇ ಹೋದರೆ ಕಿಡ್ನಿ ತಜ್ಞರ ಬಳಿ ಕಳಿಸಲು ತಡ ಮಾಡಬೇಡಿ.

ಬೆರಕೆ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ನಾಳೆ ರಾತ್ರಿ ನಿಮ್ಮ ಸಿಸ್ಟರ್ ರಕ್ತ ತೆಗೆಯುವಾಗ ಬೆರಳನ್ನು ಮಾತ್ರ ಗಮನಿಸಿ. ಚರ್ಮವನ್ನು ಚೆನ್ನಾಗಿ ಒರೆಸುತ್ತಾರೆ, ಆಮೇಲೆ ನಾಳ ಸಿಗದೆ ಅದೇ ಜಾಗವನ್ನು ಮತ್ತೆ ಮುಟ್ಟಿ ನೋಡುತ್ತಾರೆ. ಒರೆಸಿದ್ದೆಲ್ಲ ಅಲ್ಲಿಗೆ ವ್ಯರ್ಥ. ನಾಳವನ್ನು ಮೊದಲೇ ಹುಡುಕಿಟ್ಟುಕೊಂಡು, ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಮೂವತ್ತು ಸೆಕೆಂಡ್ ಉಜ್ಜಿ, ಮೂವತ್ತು ಸೆಕೆಂಡ್ ಒಣಗಲು ಬಿಡಬೇಕು. ಪೊವಿಡೋನ್ ಅಯೋಡಿನ್ ಆದರೆ ಒಣಗಲು ಎರಡು ನಿಮಿಷ ಬೇಕು. ಊದಿ ಒಣಗಿಸುವುದನ್ನೂ ಕಂಡಿದ್ದೇನೆ! ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕೆಳಗಿನ ರಬ್ಬರ್ ಶುದ್ಧವಾಗಿರುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಇರುವುದಿಲ್ಲ, ಅದನ್ನೂ ಸ್ಪಿರಿಟ್‌ನಿಂದ ಒರೆಸಬೇಕು. ಐವಿ ಹಾಕಿದ ಸೂಜಿಯಿಂದಲೇ ಕಲ್ಚರ್ ತೆಗೆಯಬೇಡಿ. ಒಂದೇ ಚುಚ್ಚಿನಲ್ಲಿ ಬೇರೆ ಪರೀಕ್ಷೆಗಳೂ ಇದ್ದರೆ ಕಲ್ಚರ್ ಬಾಟಲಿಯನ್ನೇ ಮೊದಲು ತುಂಬಿ.

ಮನೆಯವರಿಗೆ ಹೇಳುವಾಗ ‘ವರದಿ ಸುಳ್ಳು’ ಎನ್ನಬೇಡಿ, ಅವರ ಮೊಬೈಲಿನಲ್ಲಿ ಅದು ಇದೆ. ‘ಅಮ್ಮನವರ ಚರ್ಮದ ಮೇಲಿನ ಜೀವಿ ಸೂಜಿಯ ಜೊತೆ ಬಾಟಲಿಗೆ ಹೋಗಿದೆ. ಅದು ರಕ್ತದಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎರಡೂ ಕೈಯಿಂದ ಮತ್ತೆ ರಕ್ತ ಕಳಿಸುತ್ತಿದ್ದೇವೆ’ ಎಂದರೆ ನಮ್ಮ ಕಡೆಯ ಜನಕ್ಕೆ ಅರ್ಥವಾಗುತ್ತದೆ. ಈಗಲೂ ಅದು ಸಾಧ್ಯ: ವ್ಯಾಂಕೋಮೈಸಿನ್ ನಿಂತು ಎರಡು ಮೂರು ದಿನವಾದ ಮೇಲೆ ಮತ್ತೆ ಜ್ವರ ಬಂದರೆ ಎರಡು ಕೈಯಿಂದ ಎರಡು ಕಲ್ಚರ್ ಕಳಿಸಿ. ಬಾರದಿದ್ದರೆ ಬೇಕಿಲ್ಲ. ಕಳಿಸುವ ಫಾರಂ ಮೇಲೆ ಯಾವ ಕೈ, ಎಷ್ಟು ಹೊತ್ತಿಗೆ ತೆಗೆದದ್ದು, ಯಾವ ಔಷಧ ಎಂದಿನಿಂದ ಎಂದು ಬರೆದು, ವಾರ್ಡಿನ ಫೋನ್ ಸಂಖ್ಯೆಯ ಬದಲು ನಿಮ್ಮ ಮೊಬೈಲ್ ಸಂಖ್ಯೆ ಹಾಕಿ.